ತೆಂಗಿನೆಣ್ಣೆ ಹಾಕಿದ ಬೀಗ ಮತ್ತೆ ಯಾಕೆ ಹಿಡಿದುಕೊಳ್ಳುತ್ತದೆ?

ನಮ್ಮದು ಕುಮಟಾ ಕಡೆ ತೋಟ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಪಂಪಿಗೆ ಕೆಲಸ ಇಲ್ಲ. ಶೆಡ್ಡಿಗೆ ಬೀಗ ಹಾಕಿ ಬಂದರೆ ಮತ್ತೆ ಆ ಕಡೆ ಹೋಗುವುದು ನವೆಂಬರಿನಲ್ಲೇ. ಐದು ತಿಂಗಳು ಮಳೆ, ಅದರ ಜೊತೆ ಸಮುದ್ರದ ಉಪ್ಪು ಗಾಳಿ. ಕಳೆದ ಸಲ ಹೋಗಿ ನೋಡಿದರೆ ಬೀಗ ಕಲ್ಲಾಗಿತ್ತು. ಕೀ ಒಳಗೇ ಹೋಗಲಿಲ್ಲ. ಜೊತೆಗೆ ಬಂದಿದ್ದ ಚಿಕ್ಕಪ್ಪ ಒಂದೇ ಮಾತು ಹೇಳಿದರು, "ಗರಗಸ ತಾ, ಕೊಯ್ದು ಬಿಸಾಕುವ." ನಾನು ಮೂರು ದಿನ ಟೈಮ್ ಕೇಳಿದೆ. ಮೂರನೇ ದಿನ ಬೆಳಿಗ್ಗೆ ಬೀಗ ಬಿಚ್ಚಿಕೊಂಡಿತು, ಅದೇ ಬೀಗ ಈಗಲೂ ಅಲ್ಲೇ ಇದೆ.

ಆ ಮೂರು ದಿನ ಏನು ಮಾಡಿದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಯಾವ ಎಣ್ಣೆ ಯಾಕೆ ಅನ್ನುವುದು. ನಮ್ಮಲ್ಲಿ ಬೀಗ ಹಿಡಿದರೆ ಅಡುಗೆಮನೆಗೆ ಓಡಿ ಕೈಗೆ ಸಿಕ್ಕಿದ ಎಣ್ಣೆ ತಂದು ಸುರಿಯುತ್ತೇವೆ. ಅವತ್ತು ಬೀಗ ತೆರೆದುಕೊಳ್ಳುತ್ತದೆ ಕೂಡ. ಎರಡು ತಿಂಗಳಲ್ಲಿ ಮತ್ತೆ ಹಿಡಿದುಕೊಂಡರೆ ಬೀಗವೇ ಸರಿ ಇಲ್ಲ ಅಂತ ಬೈಯುತ್ತೇವೆ. ಎಷ್ಟೋ ಸಲ ತಪ್ಪು ಬೀಗದ್ದಲ್ಲ, ನಾವು ಹಾಕಿದ ಎಣ್ಣೆಯದ್ದು.

ಮೊದಲು ತುಕ್ಕಿನ ವಿಷಯ. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಎರಡೂ ತಾಗಿದರೆ ತುಕ್ಕು ಬರುತ್ತದೆ, ಉಪ್ಪು ಸೇರಿದರೆ ಇನ್ನೂ ಬೇಗ. ಇದು ಎಲ್ಲರಿಗೂ ಗೊತ್ತು. ಆದರೆ ಬೀಗ ಹಿಡಿಯುವುದಕ್ಕೆ ನಿಜವಾದ ಕಾರಣ ಬೇರೆ: ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಕಡಿಮೆ ಅಂದರೂ ಎರಡು ಪಟ್ಟು. ಬೀಗದ ಕೊಂಡಿ ಅದರ ತೂತಿನೊಳಗೆ ಕೂದಲೆಳೆಯಷ್ಟು ಸಂದು ಬಿಟ್ಟುಕೊಂಡು ಕೂತಿರುತ್ತದೆ. ಕೊಂಡಿಯ ಮೈಮೇಲೆ ತುಕ್ಕು ಉಬ್ಬಿತು ಅಂದರೆ ಆ ಸಂದು ತುಂಬಿ ಹೋಗುತ್ತದೆ. ಆಮೇಲೆ ಅದು ತೂತಿನಲ್ಲಿ ಇರುವ ಕೊಂಡಿ ಅಲ್ಲ, ಗೋಡೆಗೆ ಹೊಡೆದ ಗೂಟ.

ನನ್ನ ಬೀಗದ ಮೈ ಹಿತ್ತಾಳೆಯದ್ದು. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ ಅಲ್ವಾ, ಮತ್ತೆ ಇದು ಹೇಗೆ ಹಿಡಿಯಿತು? ಮೈ ಹಿತ್ತಾಳೆಯಾದರೂ ಕೊಂಡಿ ಉಕ್ಕಿನದ್ದು, ಒಳಗಿನ ಸ್ಪ್ರಿಂಗುಗಳೂ ಉಕ್ಕಿನವೇ. ಇನ್ನೊಂದು ತಮಾಷೆ ಇದೆ. ಹಿತ್ತಾಳೆ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಬ್ಯಾಟರಿಯೊಳಗೆ ನಡೆಯುವಂಥದ್ದೇ ಕೆಲಸ ಅಲ್ಲಿ ನಡೆಯುತ್ತದೆ. ಪೆಟ್ಟು ಬೀಳುವುದು ಉಕ್ಕಿಗೆ. ಅಂದರೆ ಹಿತ್ತಾಳೆ ಬೀಗದ ಕೊಂಡಿ ಕರಾವಳಿಯಲ್ಲಿ ಒಂಟಿ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡಿಯಬಹುದು. ಅಂಗಡಿಯಲ್ಲಿ "ಹಿತ್ತಾಳೆ, ಏನೂ ಆಗಲ್ಲ" ಅಂದರೆ ಕೊಂಡಿ ಯಾವುದರದ್ದು ಅಂತ ಕೇಳಿ.

ಈಗ ಎಣ್ಣೆ ಸುರಿಯುವ ಮೊದಲು ಒಂದು ನಿಮಿಷ ನಿಂತು ಬೀಗ ಎಲ್ಲಿ ಹಿಡಿದಿದೆ ಅಂತ ನೋಡಬೇಕು. ಅದನ್ನು ಕೀಯೇ ಹೇಳುತ್ತದೆ. ಕೀ ಪೂರ್ತಿ ಒಳಗೆ ಹೋಗದಿದ್ದರೆ ಅದು ಹೆಚ್ಚಾಗಿ ತುಕ್ಕಲ್ಲ, ಕಸ. ಕೀ ಒಳಗೆ ಹೋಗಿ ತಿರುಗದಿದ್ದರೆ ಒಳಗಿನ ಲಿವರ್ ಅಥವಾ ಪಿನ್ನುಗಳು ಹಿಡಿದಿವೆ. ಕೀ ತಿರುಗಿಯೂ ಕೊಂಡಿ ಮೇಲೆ ಬರದಿದ್ದರೆ ಒಳಗೆ ಎಲ್ಲಾ ಸರಿ ಇದೆ, ಕೊಂಡಿಯ ಕಾಲು ತೂತಿನಲ್ಲಿ ಕಚ್ಚಿಕೊಂಡಿದೆ. ಮೂರಕ್ಕೂ ಎಣ್ಣೆ ಬಿಡುವ ಜಾಗ ಬೇರೆ ಬೇರೆ. ಕೊಂಡಿ ಕಚ್ಚಿಕೊಂಡಿರುವಾಗ ಕೀ ತೂತಿಗೆ ಎಣ್ಣೆ ಸುರಿಯುವುದು ಮೊಣಕಾಲು ನೋವಿಗೆ ಮೊಣಕೈ ತಿಕ್ಕಿದ ಹಾಗೆ.

ನನ್ನ ಬೀಗದಲ್ಲಿ ಮೂರೂ ಇದ್ದವು. ಕೀ ಅರ್ಧಕ್ಕೆ ನಿಂತಿತು. ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಕೀ ತೂತಿನೊಳಗೆ ಮಣ್ಣು, ಗಟ್ಟಿಯಾಗಿ ಮೆತ್ತಿದ ಹಾಗೆ. ಕಣಜ ಗೂಡು ಕಟ್ಟಿತ್ತು! ನಮ್ಮ ಕಡೆ ಇದು ಮಾಮೂಲು, ಖಾಲಿ ತೂತು ಕಂಡರೆ ಆ ಹುಳಕ್ಕೆ ಬಾಡಿಗೆ ಇಲ್ಲದ ಮನೆ. ಇದರ ಮೇಲೆ ಎಣ್ಣೆ ಹಾಕಿದ್ದರೆ ಮಣ್ಣು ಕೆಸರಾಗಿ ಇನ್ನೂ ಒಳಗೆ ಹೋಗುತ್ತಿತ್ತು. ತೆಳುವಾದ ಕಬ್ಬಿಣದ ತಂತಿಯ ತುದಿಯನ್ನು ಸ್ವಲ್ಪ ಬಗ್ಗಿಸಿ ಕೊಕ್ಕೆ ಮಾಡಿಕೊಂಡು, ಬೀಗದ ಬಾಯಿ ಕೆಳಗೆ ಇರುವ ಹಾಗೆಯೇ ಬಿಟ್ಟು, ಸ್ವಲ್ಪ ಸ್ವಲ್ಪವೇ ಕೆರೆದು ಉದುರಿಸಿದೆ. ಹತ್ತು ನಿಮಿಷದ ಕೆಲಸ. ಆಮೇಲೆ ಕೀ ಪೂರ್ತಿ ಒಳಗೆ ಹೋಯಿತು, ಆದರೆ ತಿರುಗಲಿಲ್ಲ.

ಇಲ್ಲಿಗೆ ಎಣ್ಣೆಯ ಸರದಿ. ಹಿಡಿದ ಬೀಗಕ್ಕೆ ಎರಡು ಬೇರೆ ಬೇರೆ ಕೆಲಸ ಆಗಬೇಕು, ಎರಡಕ್ಕೂ ಒಂದೇ ಎಣ್ಣೆ ಸಾಲುವುದಿಲ್ಲ. ಮೊದಲನೆಯದು, ಕೂದಲೆಳೆ ಸಂದಿನೊಳಗೆ ನುಗ್ಗಿ ತುಕ್ಕನ್ನು ಸಡಿಲ ಮಾಡುವುದು. ಇದಕ್ಕೆ ನೀರಿನ ಹಾಗೆ ತೆಳುವಾದದ್ದು ಬೇಕು. ಸೀಮೆಎಣ್ಣೆ ಇದಕ್ಕೆ ಹೇಳಿ ಮಾಡಿಸಿದ್ದು. ಈಗ ರೇಷನ್ನಿನಲ್ಲಿ ಸೀಮೆಎಣ್ಣೆ ಸಿಗುವುದು ಕಷ್ಟ, ಹಾಗಾಗಿ ಡೀಸೆಲ್ ಆದರೂ ಸರಿ, ಪೇಂಟ್ ಅಂಗಡಿಯ ಟರ್ಪೆಂಟೈನ್ ಆದರೂ ಸರಿ. ಎರಡನೆಯದು, ಬಿಟ್ಟುಕೊಂಡ ಮೇಲೆ ಅಲ್ಲೇ ಉಳಿದು ಲೋಹಕ್ಕೆ ಲೋಹ ತಾಗದ ಹಾಗೆ, ನೀರು ಬರದ ಹಾಗೆ ನೋಡಿಕೊಳ್ಳುವುದು. ಇದಕ್ಕೆ ಸ್ವಲ್ಪ ಜಿಡ್ಡಿರುವ, ಆರಿಹೋಗದ, ಅಂಟಾಗದ ಎಣ್ಣೆ ಬೇಕು. ಹೊಲಿಗೆ ಮಷೀನ್ ಎಣ್ಣೆ ಇದಕ್ಕೆ ಸರಿ. ಸೀಮೆಎಣ್ಣೆ ಎರಡನೇ ಕೆಲಸಕ್ಕೆ ಬರುವುದಿಲ್ಲ, ಆರಿಹೋಗುತ್ತದೆ. ತುಂಬಾ ಜನ ಇಲ್ಲೇ ನಿಲ್ಲಿಸಿ ಬಿಡುತ್ತಾರೆ: ಸೀಮೆಎಣ್ಣೆ ಹಾಕಿದೆ, ಬೀಗ ಬಂತು, ಮುಗಿಯಿತು. ಅದು ಮುಗಿದದ್ದಲ್ಲ, ತೊಳೆದು ಬೆತ್ತಲೆ ಬಿಟ್ಟ ಹಾಗೆ. ಮುಂದಿನ ತೇವಕ್ಕೆ ಮೊದಲಿಗಿಂತ ಬೇಗ ತುಕ್ಕು ಬರುತ್ತದೆ.

ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಗಳ ಕಥೆಯೂ ಹೆಚ್ಚುಕಮ್ಮಿ ಇದೇ. ಡಬ್ಲ್ಯೂಡಿ-40 ಎಲ್ಲರಿಗೂ ಗೊತ್ತು. 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಹೆಸರಿನ ಡಬ್ಲ್ಯೂಡಿ ಅಂದರೆ 'ವಾಟರ್ ಡಿಸ್ಪ್ಲೇಸ್ಮೆಂಟ್', ನೀರನ್ನು ಓಡಿಸುವುದು. 40 ಅಂದರೆ ನಲವತ್ತನೇ ಪ್ರಯತ್ನದಲ್ಲಿ ಸರಿಯಾಯಿತು ಅಂತ. ನುಗ್ಗುವುದಕ್ಕೆ, ನೀರು ಓಡಿಸುವುದಕ್ಕೆ ಚೆನ್ನಾಗಿದೆ. ಆದರೆ ಅದು ಬಿಟ್ಟು ಹೋಗುವ ಎಣ್ಣೆಯ ಪದರ ತುಂಬಾ ತೆಳು. ಅದನ್ನು ಹೊಡೆದರೂ ಆಮೇಲೆ ಬೇರೆ ಎಣ್ಣೆ ಹಾಕುವುದು ಒಳ್ಳೆಯದು.

ಹಾಗಾದರೆ ಅಡುಗೆಮನೆ ಎಣ್ಣೆಗಳು? ಒಲೆ ಹತ್ತಿರದ ಗೋಡೆ ನೋಡಿ. ಒಗ್ಗರಣೆ ಎಣ್ಣೆ ಸಿಡಿದು ಸಿಡಿದು ಒಂದು ಹಳದಿ ಪದರ ಆಗಿರುತ್ತದೆ ಅಲ್ವಾ? ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ, ಉಗುರಲ್ಲಿ ಕೆರೆದರೆ ಅಂಟಂಟಾಗಿ ಬರುತ್ತದೆ, ಅದರ ಮೇಲೆ ಧೂಳು ಕೂತು ಕಪ್ಪಾಗಿರುತ್ತದೆ. ಸೂರ್ಯಕಾಂತಿ, ಸೋಯಾ ಥರದ ಎಣ್ಣೆಗಳು ಗಾಳಿ ತಾಗಿ ತಾಗಿ ನಿಧಾನಕ್ಕೆ ಹೀಗೆ ಅಂಟಾಗುತ್ತವೆ. ಅಗಸೆ ಎಣ್ಣೆ ಅಂತೂ ಪೇಂಟಿನ ಹಾಗೆ ಪೂರ್ತಿ ಗಟ್ಟಿಯೇ ಆಗುತ್ತದೆ, ಅದಕ್ಕೇ ಅದನ್ನು ಪೇಂಟಿಗೆ, ಮರದ ಪಾಲಿಶಿಗೆ ಬಳಸುವುದು. ಗೋಡೆ ಮೇಲೆ ಆದದ್ದೇ ಬೀಗದೊಳಗೂ ಆಗುತ್ತದೆ. ಅಲ್ಲಿ ಉಗುರು ಹಾಕಿ ಕೆರೆಯಲು ಬರುವುದಿಲ್ಲ, ಅಷ್ಟೇ.

ತೆಂಗಿನೆಣ್ಣೆ ಇವಕ್ಕಿಂತ ಎಷ್ಟೋ ವಾಸಿ. ಅದು ಅಷ್ಟು ಬೇಗ ಅಂಟಾಗುವುದಿಲ್ಲ. ಆದರೆ ಅದಕ್ಕೆ ಬೇರೆ ಎರಡು ಕಾಯಿಲೆ. ಒಂದು, ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೋ ಶಿರಸಿಯಲ್ಲೋ ಬೆಳಿಗ್ಗೆ ಎದ್ದು ಎಣ್ಣೆ ಬಾಟಲಿ ತಲೆಕೆಳಗು ಮಾಡಿ ಕಾಯುತ್ತೀರಲ್ಲ, ಬೀಗದ ಸಣ್ಣ ಸ್ಪ್ರಿಂಗಿಗೂ ಅದೇ ಗತಿ, ಬಿಸಿಲು ಏರುವ ತನಕ ಅಲುಗಾಡುವುದಿಲ್ಲ. ಎರಡು, ಹಳೆಯದಾದರೆ ಕಮಟು ಹಿಡಿದು ಹುಳಿಯಾಗುತ್ತದೆ. ದೇವರ ಮನೆಯ ಹಿತ್ತಾಳೆ ದೀಪವನ್ನು ಎಣ್ಣೆ ಸಮೇತ ನಾಲ್ಕು ದಿನ ತೊಳೆಯದೆ ಬಿಟ್ಟರೆ ಎಣ್ಣೆ ಹಸಿರಾಗುತ್ತದೆ. ಆ ಹಸಿರು ಬಂದದ್ದು ಹಿತ್ತಾಳೆಯನ್ನು ತಿಂದೇ. ಬೀಗದ ಲಿವರುಗಳು ಸಾಮಾನ್ಯವಾಗಿ ಹಿತ್ತಾಳೆಯವೇ. ಹಾಗಂತ ರಾತ್ರಿ ಹತ್ತು ಗಂಟೆಗೆ ಬಾಗಿಲ ಹೊರಗೆ ನಿಂತಿದ್ದರೆ, ಬೇರೇನೂ ಇಲ್ಲದಿದ್ದರೆ, ತೆಂಗಿನೆಣ್ಣೆ ಸ್ವಲ್ಪ ಬಿಸಿ ಮಾಡಿ ಧಾರಾಳವಾಗಿ ಹಾಕಿ. ಬಿಸಿ ಮಾಡಿದಷ್ಟೂ ತೆಳುವಾಗಿ ಒಳಗೆ ಹೋಗುತ್ತದೆ. ಮಾರನೇ ದಿನ ತೊಳೆಯುವುದನ್ನು ಮಾತ್ರ ಮರೆಯಬೇಡಿ.

ಹರಳೆಣ್ಣೆ ಒಂದು ವಿಶೇಷ. ಹಿಂದೆ ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದದ್ದು ಇದನ್ನೇ. ಅದು ಸುಲಭಕ್ಕೆ ಅಂಟಾಗುವುದಿಲ್ಲ, ಭಾರ ಹೊರುತ್ತದೆ. ಆದರೆ ಜೇನುತುಪ್ಪದ ಹಾಗೆ ದಪ್ಪ, ಹಿಡಿದ ಬೀಗದ ಸಂದಿಗೆ ಇಳಿಯುವುದೇ ಇಲ್ಲ. ಅದರ ಜಾಗ ಬಾಗಿಲಿನ ಕೀಲು. ಅದಕ್ಕೆ ಆಮೇಲೆ ಬರುತ್ತೇನೆ.

ಶೆಡ್ಡಿಗೆ ವಾಪಸ್. ಎರಡು ಚಮಚ ಸೀಮೆಎಣ್ಣೆಗೆ ಅರ್ಧ ಚಮಚ ಹೊಲಿಗೆ ಮಷೀನ್ ಎಣ್ಣೆ ಬೆರೆಸಿಕೊಂಡೆ. ಸೀಮೆಎಣ್ಣೆ ಗಾಡಿ, ಮಷೀನ್ ಎಣ್ಣೆ ಅದರ ಮೇಲೆ ಕೂತ ಪ್ಯಾಸೆಂಜರ್ ಅಂದುಕೊಳ್ಳಿ: ಒಂದು ಇನ್ನೊಂದನ್ನು ಒಳಗೆ ಕರೆದುಕೊಂಡು ಹೋಗಿ ತಾನು ಆರಿಹೋಗುತ್ತದೆ. ಮೆಡಿಕಲ್ ಶಾಪಿನಿಂದ ಒಂದು 2 ಎಂಎಲ್ ಸಿರಿಂಜ್ ತಂದಿದ್ದೆ. ಇದು ತುಂಬಾ ಉಪಯೋಗದ ವಸ್ತು, ಚಮಚದಲ್ಲಿ ಸುರಿದರೆ ಮುಕ್ಕಾಲು ಪಾಲು ನೆಲಕ್ಕೆ. ಕೊಂಡಿ ಬೀಗದ ಮೈಯೊಳಗೆ ಇಳಿಯುವ ಎರಡೂ ತೂತಿನ ಸುತ್ತ ಸೂಜಿ ಇಟ್ಟು ನಾಲ್ಕು ನಾಲ್ಕು ಹನಿ ಬಿಟ್ಟೆ. ತೂಗುವ ಬೀಗದಲ್ಲಿ ಇದು ಸುಲಭ, ತೂತು ಮೇಲಿರುತ್ತದೆ, ಎಣ್ಣೆ ತಾನೇ ಇಳಿಯುತ್ತದೆ.

ಕೀ ತೂತಿನದ್ದು ತಾಪತ್ರಯ. ಅದು ಕೆಳಗೆ ಮುಖ ಮಾಡಿರುತ್ತದೆ, ಹಾಕಿದ ಎಣ್ಣೆ ಹಾಗೇ ಸುರಿದು ಹೋಗುತ್ತದೆ. ಹಾಗಾಗಿ ಬೀಗವನ್ನು ಎತ್ತಿ, ಬಾಯಿ ಮೇಲೆ ಬರುವ ಹಾಗೆ ತಿರುಗಿಸಿ, ಚಿಲಕಕ್ಕೆ ಒಂದು ಗೋಣಿ ದಾರದಲ್ಲಿ ಬಿಗಿದು ಕಟ್ಟಿದೆ. ಆಮೇಲೆ ಐದಾರು ಹನಿ ಬಿಟ್ಟು, ಕೀ ಹಾಕಿ ಎರಡು ಸಲ ಒಳಗೆ ಹೊರಗೆ ಮಾಡಿ, ತೂತಿನ ಮೇಲೆ ಒಂದು ಪ್ಲಾಸ್ಟಿಕ್ ಚೂರು ಮುಚ್ಚಿ ಮನೆಗೆ ಬಂದೆ. ಅವತ್ತು ಅಷ್ಟೇ. ತಿರುಗಿಸಲು ನೋಡಲೇ ಇಲ್ಲ. ಚಿಕ್ಕಪ್ಪನಿಗೆ ನಗು.

ಕಾಯಲೇಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ತುಕ್ಕು ಹೊರಗಿನಿಂದ ನೋಡಲು ಗಟ್ಟಿ, ಒಳಗೆ ಸಣ್ಣ ಸಣ್ಣ ಬಿರುಕು ಇರುವ ಒಣ ರೊಟ್ಟಿಯ ಹಾಗೆ. ದೀಪದ ಬತ್ತಿ ಎಣ್ಣೆಯನ್ನು ಹೀರಿ ಮೇಲೆ ತರುತ್ತದಲ್ಲ, ಹಾಗೆಯೇ ಆ ಬಿರುಕುಗಳು ತೆಳು ಎಣ್ಣೆಯನ್ನು ತಾವೇ ಒಳಗೆ ಎಳೆದುಕೊಳ್ಳುತ್ತವೆ. ಎಷ್ಟು ಸುರಿದಿರಿ ಅನ್ನುವುದು ಮುಖ್ಯ ಅಲ್ಲ, ಎಷ್ಟು ಹೊತ್ತು ಬಿಟ್ಟಿರಿ ಅನ್ನುವುದು ಮುಖ್ಯ. ಇಲ್ಲಿ ಬಿಸಿಲು ಸಹಾಯ ಮಾಡುತ್ತದೆ. ಹಗಲು ಬೀಗ ಕಾದು ಹಿಗ್ಗುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗುತ್ತದೆ, ಹಿಗ್ಗಿ ಕುಗ್ಗುವಾಗ ಎಣ್ಣೆ ಇನ್ನಷ್ಟು ಒಳಗೆ ಹೋಗುತ್ತದೆ. ಬಿಸಿ ಬೇಕು ಅಂತ ಲೈಟರ್ ಹಚ್ಚಬೇಡಿ, ಸೀಮೆಎಣ್ಣೆ ಹಾಕಿದ ಬೀಗದ ಹತ್ತಿರ ಬೆಂಕಿಕಡ್ಡಿಯೂ ಬೇಡ. ಪೆಟ್ರೋಲ್ ಅಂತೂ ಈ ಕೆಲಸಕ್ಕೇ ಬೇಡ.

ಎರಡನೇ ದಿನ ಬೆಳಿಗ್ಗೆ ಮತ್ತೆ ಅದೇ ಹನಿಗಳು. ಈ ಸಲ ದಾರ ಬಿಚ್ಚಿದಾಗ ಕೀ ತೂತಿನಿಂದ ಕಾಫಿ ಡಿಕಾಕ್ಷನ್ ಥರದ ಕಂದು ನೀರು ಇಳಿಯಿತು. ಇದು ಒಳ್ಳೆಯ ಲಕ್ಷಣ, ಎಣ್ಣೆ ಒಳಗಿನ ತುಕ್ಕನ್ನು ಮುಟ್ಟಿದೆ ಅಂತ ಅರ್ಥ. ಹಾಕಿದ ಎಣ್ಣೆ ಹಾಕಿದ ಹಾಗೇ ತಿಳಿಯಾಗಿ ಹೊರಗೆ ಬಂದರೆ ಅದು ಇನ್ನೂ ತಲುಪಿಲ್ಲ.

ಈಗ ಕೀ ತಿರುಗಿಸುವ ವಿಷಯ. ಎರಡು ಬೆರಳಿನ ಬಲ ಸಾಕು, ಹೆಬ್ಬೆರಳು ಮತ್ತು ತೋರುಬೆರಳು. ಇಕ್ಕಳ ಹಿಡಿದು ತಿರುಗಿಸಿದರೆ ಕೀ ಒಳಗೇ ಮುರಿಯುತ್ತದೆ, ಆಮೇಲೆ ಚಿಕ್ಕಪ್ಪ ಹೇಳಿದ ಗರಗಸವೇ ಗತಿ. ಒಂದೇ ಕಡೆ ಒತ್ತಬೇಡಿ, ಹಿಂದಕ್ಕೂ ಮುಂದಕ್ಕೂ ಸಣ್ಣಕೆ ಅಲುಗಾಡಿಸುತ್ತಾ ಇರಿ. ಕೀಯ ದಂಟು ಸುತ್ತಿಕೊಳ್ಳುವ ಹಾಗೆ ಕಂಡರೆ, ಅಂದರೆ ಹಿಡಿಕೆ ತಿರುಗುತ್ತಿದೆ ಆದರೆ ತುದಿ ತಿರುಗುತ್ತಿಲ್ಲ ಅನಿಸಿದರೆ, ಅಲ್ಲಿಗೆ ನಿಲ್ಲಿಸಿ ಇನ್ನೊಂದು ರಾತ್ರಿ ಬಿಡಿ. ಜೊತೆಗೆ ಸುತ್ತಿಗೆಯ ಮರದ ಹಿಡಿಕೆಯಿಂದ ಬೀಗದ ಪಕ್ಕಕ್ಕೆ ಟಕ್ ಟಕ್ ಅಂತ ಬಡಿಯಿರಿ. ಬಾಗಿಲು ತಟ್ಟುವಷ್ಟು ಜೋರು ಸಾಕು. ಒಡೆಯಲಿಕ್ಕಲ್ಲ ಇದು, ತುಕ್ಕಿನ ಹೊಪ್ಪಳೆ ಅದುರಿ ಬಿಡಲಿ ಅಂತ.

ಇನ್ನೊಂದು ಸಣ್ಣ ಉಪಾಯ, ಇದು ಗೊತ್ತಿಲ್ಲದೆ ಎಷ್ಟೋ ಜನ ಸೋಲುತ್ತಾರೆ. ಬೀಗ ಬಿಚ್ಚುವ ಆತುರದಲ್ಲಿ ನಾವು ಒಂದು ಕೈಯಲ್ಲಿ ಬೀಗ ಕೆಳಗೆ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಕೀ ತಿರುಗಿಸುತ್ತೇವೆ. ಆದರೆ ಒಳಗೆ ಕೊಂಡಿಯ ಕಾಲಿನಲ್ಲಿ ಒಂದು ಕಚ್ಚು ಇರುತ್ತದೆ, ಆ ಕಚ್ಚಿಗೆ ಒಂದು ನಾಲಿಗೆ ಸಿಕ್ಕಿಕೊಂಡಿರುತ್ತದೆ. ಕೀ ಮಾಡುವ ಕೆಲಸ ಆ ನಾಲಿಗೆಯನ್ನು ಹಿಂದಕ್ಕೆ ಎಳೆಯುವುದು. ನೀವು ಬೀಗವನ್ನು ಎಳೆದಷ್ಟೂ ಕಚ್ಚು ನಾಲಿಗೆಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಹಾಗಾಗಿ ಉಲ್ಟಾ ಮಾಡಿ: ಮೊದಲು ಕೊಂಡಿಯನ್ನು ಬೀಗದ ಒಳಕ್ಕೆ ಒತ್ತಿ ಹಿಡಿದು ಕೀ ತಿರುಗಿಸಿ, ತಿರುಗಿದ ಮೇಲೆ ಎಳೆಯಿರಿ. ನನ್ನ ಬೀಗದ ಕೀ ಎರಡನೇ ದಿನ ಸಂಜೆ ಹೀಗೆ ಒತ್ತಿ ಹಿಡಿದಾಗಲೇ 'ಕಟಕ್' ಅಂತ ತಿರುಗಿದ್ದು. ಆದರೆ ಕೊಂಡಿ ಬರಲಿಲ್ಲ! ಅಂದರೆ ಒಳಗಿನದ್ದು ಬಿಟ್ಟಿದೆ, ಕಾಲು ಇನ್ನೂ ಕಚ್ಚಿಕೊಂಡಿದೆ. ಮತ್ತೆ ಎರಡೂ ತೂತಿನ ಸುತ್ತ ಹನಿ, ಮತ್ತೆ ಒಂದು ರಾತ್ರಿ. ಮೂರನೇ ದಿನ ಕೀ ತಿರುಗಿಸಿಟ್ಟುಕೊಂಡು, ಕೊಂಡಿಯನ್ನು ಎಡಕ್ಕೆ ಬಲಕ್ಕೆ ತಿರುವುತ್ತಾ ಎಳೆದರೆ ಕಿರ್ರ್ ಅಂತ ಸದ್ದು ಮಾಡಿ ಮೇಲೆ ಬಂತು, ಕೆಂಪು ಹುಡಿ ಉದುರಿಸಿಕೊಂಡು.

ಚಿಕ್ಕಪ್ಪ ಅಷ್ಟಕ್ಕೇ ಬೀಗ ತೆಗೆದು ಜೇಬಿಗೆ ಹಾಕಿಕೊಂಡು ಪಂಪ್ ನೋಡಲು ಹೋದರು. ಆದರೆ ಅರ್ಧ ಕೆಲಸ ಬಾಕಿ ಇದೆ. ಒಳಗೆ ತುಕ್ಕಿನ ಪುಡಿ, ಹಳೆ ಎಣ್ಣೆ, ಕಣಜದ ಮಣ್ಣು ಎಲ್ಲಾ ಇದೆ. ಒಂದು ಹಳೆ ಸ್ಟೀಲ್ ಲೋಟದಲ್ಲಿ ಬೀಗ ಮುಳುಗುವಷ್ಟು ಸೀಮೆಎಣ್ಣೆ ಹಾಕಿ ರಾತ್ರಿ ಇಟ್ಟೆ. ಬೆಳಿಗ್ಗೆ ಅದರೊಳಗೇ ಕೀ ಹಾಕಿ ಮೂವತ್ತು ನಲವತ್ತು ಸಲ ತಿರುಗಿಸಿದೆ. ಎಣ್ಣೆ ಕಂದಾಯಿತು. ಚೆಲ್ಲಿ ಹೊಸದು ಹಾಕಿದೆ. ಮೂರನೇ ಸಲ ಎಣ್ಣೆ ತಿಳಿಯಾಗಿಯೇ ಉಳಿಯಿತು, ಅಲ್ಲಿಗೆ ನಿಲ್ಲಿಸಿದೆ. ಕೊಂಡಿಯ ಕಾಲನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿದೆ, ತೂತಿನೊಳಗೆ ಬಟ್ಟೆ ಸುತ್ತಿದ ಕಡ್ಡಿ ಆಡಿಸಿದೆ. ಒಂದು ಪೂರ್ತಿ ದಿನ ಬಿಸಿಲಿಗಿಟ್ಟೆ. ಆಮೇಲೆ ಕೀ ತೂತಿಗೆ ಮೂರು ಹನಿ, ಕೊಂಡಿಯ ತೂತಿಗೆ ಎರಡೆರಡು ಹನಿ ಹೊಲಿಗೆ ಮಷೀನ್ ಎಣ್ಣೆ. ಜಾಸ್ತಿ ಆದದ್ದು ಒರೆಸಿ ತೆಗೆದೆ. ಈಗ ಕೊಂಡಿಯನ್ನು ಒತ್ತಿ ಬಿಟ್ಟರೆ ಸ್ಪ್ರಿಂಗ್ ಅದನ್ನು ತಾನೇ ಮೇಲೆ ಎಸೆಯುತ್ತದೆ. ಹಾಗೆ ಎಸೆಯದೆ ಕೈಯಲ್ಲಿ ಎಳೆಯಬೇಕಾದರೆ ಒಳಗೆ ಸ್ಪ್ರಿಂಗ್ ತುಕ್ಕು ತಿಂದು ಮುರಿದಿರಬಹುದು. ಬೀಗ ಇನ್ನೂ ಕೆಲಸ ಮಾಡುತ್ತದೆ, ಆದರೆ ಅದನ್ನು ಮುಖ್ಯ ಬಾಗಿಲಿಗೆ ಹಾಕಬೇಡಿ.

ನಿಮ್ಮ ಬೀಗ ಪಿನ್ನಿನದ್ದಾದರೆ ಎಣ್ಣೆ ಇನ್ನೂ ಕಡಿಮೆ ಮಾಡಿ. ಗುರುತು ಸುಲಭ, ಕೀ ಚಪ್ಪಟೆಯಾಗಿದ್ದು ಒಂದು ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಏರುತಗ್ಗು ಇದ್ದರೆ ಅದು ಹೆಚ್ಚಾಗಿ ಪಿನ್ನಿನ ಬೀಗ. ಅದರ ಪಿನ್ನುಗಳು ತುಂಬಾ ಸಣ್ಣ ತೂತುಗಳಲ್ಲಿ ಮೇಲೆ ಕೆಳಗೆ ಓಡಾಡಬೇಕು, ಜಿಡ್ಡಿಗೆ ಧೂಳು ಸೇರಿದರೆ ನಿಂತೇ ಬಿಡುತ್ತವೆ. ವಿಜಯಪುರ, ಕಲಬುರಗಿ ಕಡೆಯ ಧೂಳಿಗೆ ಎಣ್ಣೆಗಿಂತ ಪೆನ್ಸಿಲ್ ಒಳ್ಳೆಯದು. ತಮಾಷೆ ಅಲ್ಲ, ಪೆನ್ಸಿಲಿನ ಕಡ್ಡಿಯಲ್ಲಿ ಇರುವುದು ಗ್ರಾಫೈಟ್, ಅದು ಒಣಗಿದ್ದಾಗಲೇ ಜಾರುತ್ತದೆ. 4ಬಿ ಥರದ ಮೆತ್ತನೆ ಪೆನ್ಸಿಲ್ ತಗೊಳ್ಳಿ, ಗಟ್ಟಿ ಪೆನ್ಸಿಲಿನಲ್ಲಿ ಜೇಡಿ ಜಾಸ್ತಿ. ಕೀಯ ಹಲ್ಲುಗಳಿಗೆ ದಪ್ಪಕ್ಕೆ ಗೀಚಿ ಒಳಗೆ ಹಾಕಿ ಹತ್ತು ಸಲ ಆಡಿಸಿ. ಆದರೆ ಎಣ್ಣೆ ಹಾಕಿದ ಬೀಗಕ್ಕೆ ಪೆನ್ಸಿಲ್ ಬೇಡ, ಎರಡೂ ಸೇರಿ ಕಾಡಿಗೆ ಆಗುತ್ತದೆ.

ಹುಣಸೆಹುಳಿ, ನಿಂಬೆಹುಳಿ ಹಾಕಿದರೆ ತುಕ್ಕು ಕರಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕರಗುತ್ತದೆ, ನಿಜ. ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ, ಒಳಗೆ ಉಳಿದ ಹುಳಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಸರಪಳಿಗೋ ಬಿಡಿಯಾಗಿ ತೆಗೆದ ಕೀಲಿಗೋ ಸರಿ, ಬೀಗದ ಹೊಟ್ಟೆಗೆ ಬೇಡ.

ಈಗ ಬಾಗಿಲಿನ ಕೀಲು. ಬಡಗಿಗಳು ಹಿಂಜಸ್ ಅನ್ನುತ್ತಾರೆ. ಶೆಡ್ಡಿನ ಬಾಗಿಲು ಬೀಗ ತೆಗೆದ ಮೇಲೂ ಭುಜ ಕೊಟ್ಟು ತಳ್ಳಬೇಕಿತ್ತು. ಮಳೆಗಾಲ ಮುಗಿದಾಗ ಮೊದಲು ನೋಡಬೇಕಾದ್ದು, ಬಿಗಿ ಇರುವುದು ಕೀಲಿನದ್ದೋ ಮರದ್ದೋ ಅಂತ. ಮರ ನೀರು ಕುಡಿದು ಉಬ್ಬಿದ್ದರೆ ಬಾಗಿಲು ಚೌಕಟ್ಟಿಗೆ ಉಜ್ಜುವಾಗ ಮಾತ್ರ ಬಿಗಿ, ಒಂದು ಗೇಣು ತೆರೆದ ಮೇಲೆ ಹಗುರ. ಅರ್ಧ ತೆರೆದ ಮೇಲೂ ಅಷ್ಟೇ ಭಾರ, ಜೊತೆಗೆ ಕಿರ್ ಅನ್ನುತ್ತದೆ ಅಂದರೆ ಅದು ಕೀಲು. ಉಬ್ಬಿದ ಮರಕ್ಕೆ ಎಷ್ಟು ಎಣ್ಣೆ ಹಾಕಿದರೂ ಏನೂ ಆಗುವುದಿಲ್ಲ, ಬಿಸಿಲು ಬಂದು ಒಣಗುವ ತನಕ ಸುಮ್ನೆ ಇರಬೇಕು.

ನಮ್ಮದು ಕೀಲೇ. ತಪ್ಪು ನನ್ನದೇ. ಅದರ ಹಿಂದಿನ ವರ್ಷ ಅವಸರಕ್ಕೆ ಸೂರ್ಯಕಾಂತಿ ಎಣ್ಣೆ ಹಾಕಿದ್ದೆ. ನೋಡಿದರೆ ಕೀಲಿನ ಸಂದುಗಳಲ್ಲಿ ಕರಿ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಒಂದು ಪದರ, ಅದರಲ್ಲಿ ಇರುವೆ, ಧೂಳು, ಜೇಡದ ಬಲೆಯ ಚೂರು. ಇದು ಬರೀ ಸೀಮೆಎಣ್ಣೆಗೆ ಬಗ್ಗುವುದಿಲ್ಲ. ಟರ್ಪೆಂಟೈನಿನಲ್ಲಿ ಬಟ್ಟೆ ನೆನೆಸಿ ಒಂದು ಗಂಟೆ ಸುತ್ತಿಟ್ಟು, ಮೆತ್ತಗಾದ ಮೇಲೆ ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆಯಬೇಕಾಯಿತು.

ಕೀಲಿನ ನಡುವೆ ಇರುವ ಕಡ್ಡಿ ಹೊರಗೆ ಬರುವಂಥದ್ದಾದರೆ ಅದನ್ನು ತೆಗೆದು ಮಾಡುವುದೇ ಸರಿಯಾದ ಕೆಲಸ. ಮೊದಲು ಬಾಗಿಲಿನ ಕೆಳಗೆ ಮರದ ಚೂರು ಕೊಟ್ಟು ಅದರ ಭಾರ ಇಳಿಸಿ, ಇಲ್ಲದಿದ್ದರೆ ಕಡ್ಡಿ ಅಲುಗುವುದಿಲ್ಲ. ಕೆಳಗಿನಿಂದ ಒಂದು ದಪ್ಪ ಮೊಳೆ ಇಟ್ಟು ಮೇಲಕ್ಕೆ ಬಡಿಯಿರಿ. ಒಂದು ಸಲಕ್ಕೆ ಒಂದೇ ಕೀಲು, ಎಲ್ಲಾ ಒಟ್ಟಿಗೆ ತೆಗೆದರೆ ಬಾಗಿಲು ನಿಮ್ಮ ಮೇಲೆ. ಕಡ್ಡಿಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಹೊಳಪು ಬಂದ ಮೇಲೆ ವ್ಯಾಸಲಿನ್ ಅಥವಾ ಗ್ರೀಸ್ ಸವರಿ ವಾಪಸ್ ಹಾಕಿ. ವ್ಯಾಸಲಿನ್ ಕೂಡ ಪೆಟ್ರೋಲಿಯಂನದ್ದೇ, ಅಡುಗೆ ಎಣ್ಣೆಯ ಹಾಗೆ ಅಂಟಾಗುವುದಿಲ್ಲ, ಹರಿದು ಕೆಳಗೆ ಇಳಿಯುವುದಿಲ್ಲ. ಮೇಲೆ ಹೇಳಿದ ಹರಳೆಣ್ಣೆಯನ್ನೂ ಇಲ್ಲಿ ಧೈರ್ಯವಾಗಿ ಬಳಸಬಹುದು.

ಆದರೆ ನಮ್ಮ ಕಡೆ ಅಗ್ಗದ ಕಬ್ಬಿಣದ ಹಿಂಜಸ್ಸುಗಳಲ್ಲಿ ಕಡ್ಡಿಯ ಎರಡೂ ತುದಿ ಜಜ್ಜಿರುತ್ತಾರೆ, ಬರುವುದಿಲ್ಲ. ಒತ್ತಾಯ ಮಾಡಿದರೆ ಸ್ಕ್ರೂ ಕಿತ್ತು ಬರುತ್ತದೆ. ಅಂಥದ್ದಕ್ಕೆ ಸಿರಿಂಜಿನಲ್ಲಿ ಮೇಲಿನ ತುದಿಗೆ ಎರಡು ಹನಿ, ಪ್ರತಿ ಸಂದಿಗೆ ಒಂದು ಹನಿ ಬೀಗಕ್ಕೆ ಹಾಕಿದ ಬೆರಕೆಯನ್ನೇ ಬಿಟ್ಟು, ಬಾಗಿಲನ್ನು ಪೂರ್ತಿ ತೆರೆದು ಮುಚ್ಚಿ ಇಪ್ಪತ್ತು ಮೂವತ್ತು ಸಲ ಆಡಿಸಿ. ಕೆಳಗೆ ಒಂದು ಹಳೆ ಬಟ್ಟೆ ಇಡಿ, ಸುಣ್ಣದ ಗೋಡೆಗೆ ಆ ಕಲೆ ಬಿದ್ದರೆ ಹೋಗುವುದಿಲ್ಲ. ಸಂದಿನಿಂದ ಬರುವ ಮಡ್ಡಿ ಕೆಂಪಾಗಿದ್ದರೆ ತುಕ್ಕು. ಕಪ್ಪಾಗಿದ್ದು ಬೆರಳಲ್ಲಿ ಉಜ್ಜಿದರೆ ಹೊಳೆಯುವ ಪುಡಿ ಕಂಡರೆ ಅದು ತುಕ್ಕಲ್ಲ, ಕೀಲೇ ತೇಯುತ್ತಿದೆ. ಬಾಗಿಲನ್ನು ಹಿಡಿಕೆಯ ಕಡೆ ಎತ್ತಿ ನೋಡಿ, ಮೇಲೆ ಕೆಳಗೆ ಲಟಲಟ ಅಂದರೆ ಎಣ್ಣೆಯ ಕಾಲ ಮುಗಿದಿದೆ, ಹೊಸ ಕೀಲು ತರಬೇಕು. ನಮ್ಮ ಶೆಡ್ಡಿನ ಮೇಲಿನ ಕೀಲು ಹಾಗೇ ಆಗಿತ್ತು, ಬದಲಾಯಿಸಿದೆ. ಕೆಳಗಿನ ಎರಡು ಉಳಿದವು.

ಬೀಗಕ್ಕೆ ಈ ವರ್ಷ ಒಂದು ರೇನ್‌ಕೋಟ್ ಹೊಲಿಸಿದ್ದೇನೆ ಅಂತ ಮನೆಯಲ್ಲಿ ನಗುತ್ತಾರೆ. ಹಳೆ ಬೈಕ್ ಟೈರಿನ ಟ್ಯೂಬನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಚಿಲಕದ ಮೇಲಿನಿಂದ ಬೀಗದ ಮೇಲೆ ಇಳಿಬಿಟ್ಟು, ಮೇಲ್ತುದಿಯನ್ನು ಮಾತ್ರ ತಂತಿಯಲ್ಲಿ ಬಿಗಿದೆ. ಕೆಳಗಡೆ ತೆರೆದೇ ಇದೆ. ಮೊದಲ ಸಲ ಪ್ಲಾಸ್ಟಿಕ್ ಚೀಲ ಹಾಕಿ ಕೆಳಗೂ ಕಟ್ಟಿದ್ದೆ, ಒಂದು ವಾರ ಬಿಟ್ಟು ನೋಡಿದರೆ ಒಳಗೆಲ್ಲಾ ಬೆವರಿ ನೀರಿನ ಹನಿ ನಿಂತಿತ್ತು.